‘ಸೋದರಮಾವನ ಮುಖ ಕೂರಿಸಿ’ ಅಂದ್ರೆ ಮದುವೆ ಫೋಟೊಗ್ರಾಫರ್ ‘ಆಗಲ್ಲ’ ಅಂತ ಮೇಲ್ ಬರೆಯೋದು ಹೇಗೆ?

ಹಾಸನದ ಒಂದು ಛತ್ರದಲ್ಲಿ ಮಾಡಿದ ಮದುವೆ. ಮುಗಿದು ಮೂರು ವಾರ ಆಗಿತ್ತು, ಹುಡುಗಿ ಅಣ್ಣ ಫೋನ್ ಮಾಡಿ ಆಲ್ಬಮ್‌ಗೆ ಫೋಟೊ ಸೆಲೆಕ್ಟ್ ಮಾಡಿದೀವಿ, ಎಲ್ಲಾ ಸೂಪರ್, ಒಂದೇ ಒಂದು ಸಣ್ಣ ಚೇಂಜ್ ಅಂದ್ರು. ಈ ‘ಸಣ್ಣ ಚೇಂಜ್’ ಅನ್ನೋ ಮಾತು ಕೇಳಿದ್ರೆ ನಮ್ಮ ಲೈನ್‌ನಲ್ಲಿರೋರಿಗೆಲ್ಲ ಎದೆ ಧಸಕ್ ಅನ್ನುತ್ತೆ.

ಆಗಿದ್ದಿಷ್ಟು. ಹುಡುಗೀನ ಮಂಟಪಕ್ಕೆ ಕರ್ಕೊಂಡು ಬರೋದು ಸೋದರಮಾವ. ಆದ್ರೆ ಇವ್ರ ಸ್ವಂತ ಸೋದರಮಾವ ಧಾರೆಗೆ ಬರಲೇ ಇಲ್ಲ, ಅದ್ಯಾಕೋ ಮನೆಯೊಳಗಿನ ವಿಷ್ಯ, ನಂಗೆ ಬೇಡದ್ದು. ಅಮ್ಮನ ದೊಡ್ಡಪ್ಪನ ಮಗ ಒಬ್ರು ಆ ಜಾಗದಲ್ಲಿ ನಿಂತು ಕರ್ಕೊಂಡು ಬಂದ್ರು. ಫೋಟೊ ಚೆನ್ನಾಗೇ ಬಂದಿದೆ, ಹುಡುಗಿ ಕೈಯಲ್ಲಿ ತೆಂಗಿನಕಾಯಿ, ಆ ಮಾವ ಮೊಣಕೈ ಹಿಡ್ಕೊಂಡು ನಿಧಾನ ನಡೀತಿದ್ದಾರೆ, ಹಿಂದೆ ಅಂತರಪಟದ ಅಂಚು ಕಾಣ್ತಿದೆ. ಸ್ವಂತ ಮಾವ ಹಿಂದಿನ ಸಂಜೆ ರಿಸೆಪ್ಶನ್‌ಗೆ ಬಂದು, ಸ್ಟೇಜ್ ಮೇಲೆ ಒಂದು ಫೋಟೊ ತೆಗೆಸ್ಕೊಂಡು, ಊಟ ಮಾಡಿ ಹೋಗಿದ್ರು. ಈಗ ಆ ರಿಸೆಪ್ಶನ್ ಫೋಟೊದಿಂದ ಮುಖ ತೆಗೆದು ಈ ಮಂಟಪದ ಫೋಟೊದಲ್ಲಿ ಕೂರಿಸ್ಬೇಕಂತೆ. ‘ಅಮ್ಮಂಗೆ ಸಮಾಧಾನ ಆಗುತ್ತೆ ಸರ್’ ಅಂದ್ರು. ಮಾವಂಗೆ ಹೇಳಿದೀರಾ ಅಂತ ಕೇಳಿದೆ. ‘ಅವ್ರಿಗ್ಯಾಕೆ ಸರ್ ಹೇಳೋದು, ಆಲ್ಬಮ್ ನಮ್ಮನೇಲಿ ತಾನೇ ಇರೋದು.’

ಇಂಥ ಹೊತ್ತಲ್ಲಿ ಫೋನಲ್ಲೇ ಹೂಂ ಅನ್ನೋದೂ ತಪ್ಪು, ಊಹೂಂ ಅನ್ನೋದೂ ತಪ್ಪು. ಫೋನಲ್ಲಿ ಹೇಳಿದ್ದು ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋಗೋಷ್ಟರಲ್ಲಿ ‘ಫೋಟೊಗ್ರಾಫರ್ ಎಕ್ಸ್‌ಟ್ರಾ ದುಡ್ಡು ಕೇಳ್ತಿದಾನೆ’ ಅಂತ ಆಗಿರುತ್ತೆ. ನೋಡಿ ಮೇಲ್ ಮಾಡ್ತೀನಿ ಸರ್ ಅಂತ ಇಟ್ಬಿಡಿ.

ಮೊದಲ ಕೆಲಸ, ಕೇಳಿರೋದು ಏನು ಅಂತ ಸರಿಯಾಗಿ ನೋಡ್ಕೊಳ್ಳೋದು. ಗ್ರೂಪ್ ಫೋಟೊದಲ್ಲಿ ಯಾರೋ ಕಣ್ಣು ಮುಚ್ಚಿರ್ತಾರೆ, ಅದೇ ಗುಂಪಿನ ನಾಲ್ಕೈದು ಫ್ರೇಮ್ ಹೊಡೆದಿರ್ತೀವಿ, ಪಕ್ಕದ ಫ್ರೇಮಿಂದ ಕಣ್ಣು ಬಿಟ್ಟಿರೋ ಮುಖ ತೆಗೆದು ಇಲ್ಲಿಗೆ ಕೂರಿಸ್ತೀವಿ. ಇದನ್ನ ಎಲ್ಲರೂ ಮಾಡ್ತೀವಿ, ನಾನೂ ಮಾಡ್ತೀನಿ, ಯಾರನ್ನೂ ಕೇಳಲ್ಲ. ಯಾಕಂದ್ರೆ ಆ ಮನುಷ್ಯ ಅಲ್ಲೇ ನಿಂತಿದ್ದ, ಅದೇ ಬಟ್ಟೆ, ಅದೇ ಜಾಗ, ಅರ್ಧ ಸೆಕೆಂಡ್ ಆಚೆ ಈಚೆ ಅಷ್ಟೆ. ಈಗ ಕೇಳಿರೋದು ಬೇರೆ. ಇಲ್ಲದವನು ಇದ್ದ ಅಂತ ಫೋಟೊ ಹೇಳುತ್ತೆ, ಅದೂ ಶಾಸ್ತ್ರದ ಜಾಗದಲ್ಲಿ. ಇನ್ನೊಂದು ವಿಷ್ಯ ಸುಮಾರು ಜನಕ್ಕೆ ಹೊಳೆಯೋದೇ ಇಲ್ಲ, ಇಲ್ಲಿ ಇಬ್ರು ಅತಿಥಿಗಳಿದ್ದಾರೆ. ಒಬ್ರ ಮುಖ ಬರುತ್ತೆ, ನಿಜವಾಗ್ಲೂ ನಡೆದು ಬಂದೋರ ಮುಖ ಹೋಗುತ್ತೆ. ಅವ್ರ ಕುತ್ತಿಗೆಯಿಂದ ಕೆಳಗೆ ಮಾತ್ರ ಆಲ್ಬಮ್‌ನಲ್ಲಿ ಉಳಿಯುತ್ತೆ, ಅವ್ರದ್ದೇ ಪಂಚೆ, ಅವ್ರದ್ದೇ ಕೈ, ಮೇಲೆ ಬೇರೆಯೋರ ತಲೆ.

ಆಮೇಲೆ ಕಾರಣ ಯಾವುದು ಬರೀಬೇಕು ಅಂತ ಯೋಚನೆ. ಇಲ್ಲೇ ನಮ್ಮೋರು ಜಾಸ್ತಿ ಎಡವೋದು. ಸುಲಭಕ್ಕೆ ಸಿಗೋ ನೆಪ ‘ಟೆಕ್ನಿಕಲಿ ಆಗಲ್ಲ ಸರ್’. ನಿಜ ಹೇಳ್ಬೇಕಂದ್ರೆ ಕಷ್ಟ ಇದೆ, ಮಂಟಪದಲ್ಲಿ ಬೆಳಗ್ಗಿನ ಕಿಟಕಿ ಬೆಳಕು ಎಡಗಡೆಯಿಂದ ಬರ್ತಿದೆ, ರಿಸೆಪ್ಶನ್‌ನಲ್ಲಿ ಎದುರಿಗೆ ಎಲ್‌ಇಡಿ ಲೈಟು, ಮೂಗಿನ ನೆರಳೇ ಹೊಂದಲ್ಲ, ಒಂದರಲ್ಲಿ ಮುಖ ಪಕ್ಕಕ್ಕೆ ತಿರುಗಿದೆ ಇನ್ನೊಂದರಲ್ಲಿ ಕ್ಯಾಮೆರಾ ನೋಡ್ತಿದೆ. ಆದ್ರೂ ಈ ನೆಪ ಹೇಳ್ಬೇಡಿ. ಯಾವುದೋ ಮೊಬೈಲ್ ಆಪ್‌ನಲ್ಲಿ ಎರಡು ನಿಮಿಷಕ್ಕೆ ಮಾಡಿ ತಂದು ‘ನೋಡಿ ನಮ್ಮ ಹುಡುಗನೇ ಮಾಡಿದ, ನಿಮ್ಗಾಗಲ್ವಾ’ ಅಂತಾರೆ, ಆಗ ಹೇಳೋಕೆ ನಿಮ್ಮ ಹತ್ರ ಏನೂ ಇರಲ್ಲ.

ಇನ್ನೊಂದು ನೆಪ ಕಾಪಿರೈಟ್. ‘ಫೋಟೊ ನಂದು, ನಾನು ಹೇಳ್ದಂಗೆ’ ಅಂತ ಬರೆದ್ರೆ ತಿರುಗಿ ನಮ್ಗೇ ಹೊಡೆಯುತ್ತೆ. ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ಯಾರು ಫೋಟೊ ತೆಗೆಸ್ತಾರೋ ಅವ್ರೇ ಮೊದಲ ಒಡೆಯರು, ಬೇರೆ ಥರ ಅಗ್ರಿಮೆಂಟ್ ಮಾಡ್ಕೊಂಡಿದ್ರೆ ಮಾತ್ರ ಬೇರೆ. ಅಂದ್ರೆ ಫೋಟೊ ಮದುವೆ ಮನೆಯವ್ರದ್ದೇ ಇರಬಹುದು, ಮುಖ ಮಾತ್ರ ಮಾವಂದು. ಇದೊಂದೇ ಕಾರಣ ಸಾಕು, ಇದನ್ನೇ ಬರೀಬೇಕು.

ನಾನು ಕಳಿಸಿದ ಮೇಲ್ ಹೆಚ್ಚುಕಮ್ಮಿ ಹೀಗಿತ್ತು. ಸಬ್ಜೆಕ್ಟ್ ಲೈನ್‌ನಲ್ಲಿ ‘ಆಲ್ಬಮ್ ಶೀಟ್ 11, ಮಂಟಪದ ಫೋಟೊ ಬಗ್ಗೆ’ ಅಂತ ಮಾತ್ರ.

‘ನಮಸ್ಕಾರ ಸರ್. ಶೀಟ್ 11ರ ಫೋಟೊದಲ್ಲಿ (DSC_4127) ನಿಮ್ಮ ಸೋದರಮಾವನ ಮುಖ ಸೇರಿಸೋಕೆ ಕೇಳಿದ್ರಿ. ಅವರು ಒಪ್ಪದೆ ನಾನು ಅದನ್ನ ಮಾಡೋಕಾಗಲ್ಲ. ಅವರು ರಿಸೆಪ್ಶನ್‌ನಲ್ಲಿ ಫೋಟೊಗೆ ನಿಂತಿದ್ದು ಆ ಫೋಟೊಗೆ. ಆ ಮುಖ ತೆಗೆದು ಬೇರೆ ಹೊತ್ತಿನ, ಬೇರೆ ಶಾಸ್ತ್ರದ ಫೋಟೊಗೆ ಹಾಕೋದಾದ್ರೆ ಅವರನ್ನ ಕೇಳ್ಬೇಕು. ಹಾಗೇ ಆ ಫೋಟೊದಲ್ಲಿ ಈಗ ಇರೋರನ್ನೂ ಕೇಳ್ಬೇಕು.

ನಾನು ಮಾಡಬಹುದಾದ್ದು ಇದು. ರಿಸೆಪ್ಶನ್‌ನಲ್ಲಿ ಮಾವ, ಅಮ್ಮ, ನಿಮ್ಮ ತಂಗಿ ಮೂವರೂ ಇರೋ ಫೋಟೊ (DSC_2986) ಇದೆ, ಅಮ್ಮ ಅದರಲ್ಲಿ ನಗ್ತಿದ್ದಾರೆ. ಅದನ್ನ ಶೀಟ್ ಪೂರ್ತಿ ದೊಡ್ಡದಾಗಿ ಹಾಕ್ತೀನಿ, ಇದಕ್ಕೆ ಬೇರೆ ಚಾರ್ಜ್ ಇಲ್ಲ. ಮಂಟಪದ ಫೋಟೊ ದೊಡ್ಡದು ಬೇಡ ಅನ್ಸಿದ್ರೆ ಹುಡುಗಿ ಒಬ್ಬರೇ ಇರೋ ಮುಂದಿನ ಫ್ರೇಮ್ ಹಾಕ್ತೀನಿ. ಇಬ್ಬರೂ ಒಪ್ಪಿದ್ರೆ, ಅವರವರ ನಂಬರಿಂದ ನನಗೆ ಒಂದು ಮೆಸೇಜ್ ಸಾಕು, ಆಗ ಮತ್ತೆ ಮಾತಾಡೋಣ. ಮುಂದಿನ ಸೋಮವಾರ ಆಲ್ಬಮ್ ಪ್ರಿಂಟಿಗೆ ಹೋಗುತ್ತೆ, ಅಷ್ಟರೊಳಗೆ ಯಾವುದು ಅಂತ ತಿಳಿಸಿ.’

ಇಷ್ಟೇ. ‘ಆಗಲ್ಲ’ ಅನ್ನೋದು ಎರಡನೇ ಸಾಲಲ್ಲೇ ಬಂದಿದೆ ನೋಡಿ. ಅಮ್ಮನ ಸಂಕಟ ಅರ್ಥ ಆಗುತ್ತೆ, ನಮಗೂ ಬೇಜಾರಿದೆ ಅಂತೆಲ್ಲ ಎರಡು ಪ್ಯಾರಾ ಬರೆದು ಕೊನೆಗೆ ಆಗಲ್ಲ ಅಂದ್ರೆ, ಓದೋರು ಅಲ್ಲೀವರೆಗೂ ಮಾಡ್ಕೊಡ್ತಾನೆ ಅಂತಾನೇ ಅಂದ್ಕೊಂಡಿರ್ತಾರೆ. ‘ಟ್ರೈ ಮಾಡ್ತೀನಿ’, ‘ನೋಡೋಣ’ ಅಂತೂ ಬೇಡವೇ ಬೇಡ, ನಮ್ಮ ಕಡೆ ನೋಡೋಣ ಅಂದ್ರೆ ಹೂಂ ಅಂತಾನೇ ಲೆಕ್ಕ.

ಮಾವ ಧಾರೆಗೆ ಯಾಕೆ ಬರಲಿಲ್ಲ ಅನ್ನೋದರ ಬಗ್ಗೆ ಮೇಲ್‌ನಲ್ಲಿ ಒಂದಕ್ಷರ ಇಲ್ಲ. ‘ಅವರು ಬಂದಿರಲಿಲ್ಲವಲ್ಲ’ ಅಂತಾನೂ ಬರೆದಿಲ್ಲ, ಬೇರೆ ಹೊತ್ತಿನ ಫೋಟೊ ಅಂತ ಮಾತ್ರ. ಮದುವೆ ಮನೆ ಮೇಲ್ ಒಬ್ಬರ ಹತ್ರ ನಿಲ್ಲಲ್ಲ, ಸ್ಕ್ರೀನ್‌ಶಾಟ್ ಫ್ಯಾಮಿಲಿ ಗ್ರೂಪಿಗೆ ಹೋಗುತ್ತೆ, ನಾಳೆ ಆ ಮಾವನೇ ಓದಬಹುದು. ಅದಕ್ಕೆ ಕಳಿಸೋ ಮುಂಚೆ ಒಂದ್ಸಲ ನಾನೇ ಆ ಮಾವ ಅಂದ್ಕೊಂಡು ಓದ್ತೀನಿ, ಚುಚ್ಚೋ ಸಾಲು ಇದ್ರೆ ಕೈಗೆ ಸಿಗುತ್ತೆ. ಬ್ಯಾಲೆನ್ಸ್ ಪೇಮೆಂಟ್ ವಿಷ್ಯಾನೂ ಈ ಮೇಲ್‌ನಲ್ಲಿ ಎತ್ತಬೇಡಿ. ನಾನು ಒಂದ್ಸಲ ಬೇರೆ ಮದುವೆಯಲ್ಲಿ ಕೆಳಗೆ ‘ಬಾಕಿ 22,000’ ಅಂತ ಸೇರಿಸಿ ಕಳಿಸಿದ್ದೆ, ಅವ್ರು ಮೇಲಿಂದು ಓದಲೇ ಇಲ್ಲ, ದುಡ್ಡಿಗೋಸ್ಕರ ಆಟ ಆಡಿಸ್ತಿದಾನೆ ಅಂದ್ರು.

ಒಪ್ಪಿಗೆ ಅಂದ್ರೆ ಎಂಥದ್ದು ಅಂತ ನಿಮ್ಮ ತಲೇಲಿ ಕ್ಲಿಯರ್ ಇರ್ಬೇಕು. ‘ಮಾವ ಓಕೆ ಅಂದ್ರು ಸರ್’ ಅಂತ ಅಣ್ಣ ಹೇಳಿದ್ರೆ ಅದು ಒಪ್ಪಿಗೆ ಅಲ್ಲ, ಅಣ್ಣನ ಮಾತು. 2023ರ ಡಿಜಿಟಲ್ ಪರ್ಸನಲ್ ಡೇಟಾ ಪ್ರೊಟೆಕ್ಷನ್ ಕಾಯ್ದೆಯಲ್ಲಿ ಒಪ್ಪಿಗೆ ಹೇಗಿರ್ಬೇಕು ಅಂತ ಹೇಳಿದಾರೆ, ಬಲವಂತ ಇರಬಾರದು, ಯಾವುದಕ್ಕೆ ಅಂತ ನಿರ್ದಿಷ್ಟವಾಗಿರ್ಬೇಕು, ವಿಷ್ಯ ತಿಳಿದು ಕೊಟ್ಟಿರ್ಬೇಕು. ಕಾಯ್ದೆ ಹೆಸರು ಮೇಲ್‌ನಲ್ಲಿ ಹಾಕಿ ಹೆದರಿಸೋದು ಬೇಡ, ಮದುವೆ ಮನೆಗೆ ಲಾಯರ್ ನೋಟಿಸ್ ಥರ ಕಾಣುತ್ತೆ. ಆದ್ರೆ ಆ ಅಳತೆ ಚೆನ್ನಾಗಿದೆ, ನಾನು ಅದನ್ನೇ ಇಟ್ಕೊಂಡಿದೀನಿ. ಮಾವಂಗೆ ಎರಡೂ ಫೋಟೊ ಕಳಿಸಿ, ಈ ಮುಖ ಈ ಫೋಟೊಗೆ ಹೋಗುತ್ತೆ, ಆಲ್ಬಮ್‌ಗೆ ಮಾತ್ರ, ಫೇಸ್‌ಬುಕ್ ಇನ್‌ಸ್ಟಾಗೆ ಹಾಕಲ್ಲ, ಒಪ್ತೀರಾ ಅಂತ ಕೇಳ್ಬೇಕು. ಆಗ ಅವ್ರು ತಮ್ಮ ನಂಬರಿಂದ ‘ಆಯ್ತಪ್ಪ ಹಾಕು’ ಅಂದ್ರೆ ಅದು ಒಪ್ಪಿಗೆ. ಉತ್ತರಾನೇ ಬರಲಿಲ್ಲ ಅಂದ್ರೆ ಇಲ್ಲ ಅಂತಾನೇ ಅರ್ಥ. ಮತ್ತೆ ಕೇಳೋ ಕೆಲಸ ಮನೆಯವ್ರದ್ದು, ನೀವಾಗಿ ಮಾವನ ನಂಬರ್ ಹುಡುಕಿ ಫೋನ್ ಮಾಡ್ಬೇಡಿ, ಮನೆ ಜಗಳದೊಳಗೆ ನೀವೇ ಹೋಗಿ ನಿಂತಂಗೆ ಆಗುತ್ತೆ.

ಇದರಿಂದ ತಡೆಯೋಕಾಗದ್ದೂ ಒಂದಿದೆ. ಜೆಪೆಗ್‌ಗಳೆಲ್ಲ ಪೆನ್‌ಡ್ರೈವ್‌ನಲ್ಲಿ ಅವ್ರ ಕೈಲೇ ಇವೆ, ಬೇರೆ ಕಡೆ ಮಾಡಿಸ್ಕೊಂಡ್ರೆ ಏನೂ ಮಾಡೋಕಾಗಲ್ಲ. ಹಾಗೇನಾದ್ರೂ ಹೇಳಿದ್ರೆ ‘ಸರಿ ಸರ್, ಆ ಶೀಟ್ ಮೇಲೆ ನಮ್ಮ ಸ್ಟುಡಿಯೊ ಹೆಸರು ಬೇಡ’ ಅಂತ ಒಂದು ಸಾಲು ಬರೆದು ಬಿಟ್ಬಿಡಿ, ವಾದ ಬೇಡ. ಮೂಲ ರಾ ಫೈಲ್‌ನ ಮಾತ್ರ ಆ ಮದುವೆ ಫೋಲ್ಡರ್‌ನಲ್ಲಿ ಹಾಗೇ ಇಟ್ಟಿರಿ, ಮೇಲ್‌ದು ಒಂದು ಪಿಡಿಎಫ್ ಮಾಡಿ ಪಕ್ಕಕ್ಕಿಡಿ. ಎರಡು ವರ್ಷ ಬಿಟ್ಟು ಆ ದೂರದ ಮಾವನ ಮಗ ಬಂದು ನಮ್ಮಪ್ಪನ ತಲೆ ಎಲ್ಲಿ ಅಂತ ಕೇಳಿದ್ರೆ ತೋರಿಸೋಕೆ ಏನಾದ್ರೂ ಬೇಕಲ್ಲ.

ನಾಲ್ಕು ದಿನ ಉತ್ತರ ಇರಲಿಲ್ಲ. ಭಾನುವಾರ ರಾತ್ರಿ ಹತ್ತೂವರೆಗೆ ಅಣ್ಣನ ಮೇಲ್ ಬಂತು. ‘ಸರ್, ಅಮ್ಮಂಗೆ 2986 ತೋರಿಸ್ದೆ, ಅದನ್ನೇ ದೊಡ್ಡದಾಗಿ ಹಾಕಿ ಅಂದ್ರು. 11 ಹಾಗೇ ಇರ್ಲಿ. ಮಾವನ ಹಿಂದೆ ನೀಲಿ ಪ್ಲಾಸ್ಟಿಕ್ ಚೇರ್ ಇದೆ, ಅದನ್ನಾದ್ರೂ ತೆಗೀತೀರಾ?’

ಚೇರ್ ತೆಗೆದೆ.