ಒಂದು ಬಕೆಟ್, ನೆಟ್ಟಗಿನ ನಡಿಗೆ: ಕ್ರಂಚಸ್ ಬಿಟ್ಟು ನಡುವನ್ನು ಬಲಪಡಿಸುವ ಬಗೆ

ಉಡುಪಿಯಲ್ಲಿ ನಾನು ತರಬೇತಿ ಕೊಡುವ ಜಿಮ್ಮಿಗೆ ಬರುವವರಲ್ಲಿ ದಿನಕ್ಕೆ ನೂರು ಕ್ರಂಚಸ್ ಮಾಡುವವರಿದ್ದಾರೆ. ಆದರೆ ನೀರು ತುಂಬಿದ ಬಕೆಟನ್ನು ಒಂದೇ ಕೈಯಲ್ಲಿ ಹಿಡಿದು ಹತ್ತು ಹೆಜ್ಜೆ ನಡೆಯಿರಿ ಎಂದರೆ ಅವರಲ್ಲಿ ಹೆಚ್ಚಿನವರ ಮೈ ಒಂದು ಕಡೆಗೆ ವಾಲುತ್ತದೆ. ಕ್ರಂಚಸ್ ಮುಖ್ಯವಾಗಿ ಬೆನ್ನನ್ನು ಮುಂದಕ್ಕೆ ಬಗ್ಗಿಸುವ ಸ್ನಾಯುಗಳನ್ನು ದುಡಿಸುತ್ತದೆ. ಭಾರ ಹೊರುವಾಗ ನಮಗೆ ಬೇಕಾದದ್ದು ಬೆನ್ನು ಬಾಗದಂತೆಯೂ ತಿರುಚಿಕೊಳ್ಳದಂತೆಯೂ ಹಿಡಿದಿಡುವ ಶಕ್ತಿ.

ಮೊದಲಿಗೆ ಒಂದು ಕೈಯ ನಡಿಗೆ. ಜಿಮ್ಮುಗಳಲ್ಲಿ ಇದನ್ನು ಸೂಟ್‌ಕೇಸ್ ಕ್ಯಾರಿ ಎನ್ನುತ್ತಾರೆ. ಇದಕ್ಕೆ ಡಂಬೆಲ್ ಕೊಳ್ಳುವ ಅಗತ್ಯವಿಲ್ಲ, ಮುಚ್ಚಳವಿರುವ 20 ಲೀಟರಿನ ಖಾಲಿ ಪೇಂಟ್ ಬಕೆಟ್ ಸಾಕು. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ ಆಗಿರುವುದರಿಂದ ಭಾರವನ್ನು ಲೆಕ್ಕ ಹಾಕಿ ಏರಿಸುವುದು ಸುಲಭ. ಬಕೆಟಿನ ತೆಳ್ಳನೆಯ ಕಂಬಿ ಬೆರಳುಗಳನ್ನು ಕೊರೆಯುತ್ತದೆ. ನಡು ದಣಿಯುವ ಮೊದಲೇ ಕೈ ಸೋಲಬಾರದೆಂದರೆ ಕಂಬಿಗೆ ಹಳೆಯ ಬೈರಾಸಿನ ತುಂಡೊಂದನ್ನು ಬಿಗಿಯಾಗಿ ಸುತ್ತಿರಿ.

8 ಲೀಟರ್ ನೀರಿನಿಂದ ಆರಂಭಿಸಿ. ಮೊಣಕಾಲು ಬಗ್ಗಿಸಿ, ಬೆನ್ನನ್ನು ನೇರವಾಗಿಟ್ಟು ಬಕೆಟನ್ನು ಎತ್ತಿರಿ. ಯಾರೋ ಹೊಟ್ಟೆಗೆ ಗುದ್ದಲು ಬಂದಾಗ ಆಗುವಂತೆ ಹೊಟ್ಟೆಯನ್ನು ಸುತ್ತಲೂ ಬಿಗಿಗೊಳಿಸಿ, ಆದರೆ ಉಸಿರು ಕಟ್ಟಬೇಡಿ. ಬಕೆಟ್ ತೊಡೆಗೆ ತಾಗದಂತೆ ಸಣ್ಣ ಹೆಜ್ಜೆಗಳಲ್ಲಿ ನಿಧಾನವಾಗಿ 20 ಹೆಜ್ಜೆ ಹೋಗಿ, ತಿರುಗಿ ಬನ್ನಿ. ಬಳಿಕ ಕೈ ಬದಲಿಸಿ. ಪ್ರತಿ ಕೈಗೂ ಮೂರು ಸುತ್ತು ಆಗಲಿ.

ಕೆಲಸ ಕೆಡುವುದು ಇಲ್ಲಿಯೇ. ಬಲಗೈಯಲ್ಲಿ ಭಾರವಿದ್ದಾಗ ಅದು ಮೈಯನ್ನು ಬಲಕ್ಕೆ ಎಳೆಯುತ್ತದೆ, ಆ ಎಳೆತವನ್ನು ತಡೆಯಬೇಕಾದದ್ದು ಎಡಪಕ್ಕೆಯ ಸ್ನಾಯುಗಳು. ಜನರು ಎಡಕ್ಕೆ ವಾಲಿ ಭಾರವನ್ನು ಸರಿದೂಗಿಸಿಬಿಡುವುದರಿಂದ ಆ ಸ್ನಾಯುಗಳಿಗೆ ಕೆಲಸವೇ ಉಳಿಯುವುದಿಲ್ಲ. ಖಾಲಿ ಕೈ ರೆಕ್ಕೆಯಂತೆ ಹೊರಗೆ ಚಾಚಿಕೊಳ್ಳುವುದು ಇದರ ಮೊದಲ ಗುರುತು. ಮನೆಯವರಲ್ಲಿ ಒಬ್ಬರಿಗೆ ಹೇಳಿ ಹಿಂದಿನಿಂದ ಮೊಬೈಲಿನಲ್ಲಿ ವಿಡಿಯೊ ತೆಗೆಸಿ, ಎರಡೂ ಭುಜಗಳು ಒಂದೇ ಮಟ್ಟದಲ್ಲಿವೆಯೇ ಎಂದು ನೋಡಿ. ನಮ್ಮಲ್ಲಿಗೆ ಬರುವ ಬ್ಯಾಂಕ್ ಉದ್ಯೋಗಿಯೊಬ್ಬರು ಮೂರನೆಯ ವಾರಕ್ಕೇ 14 ಲೀಟರಿಗೆ ಏರಿದ್ದರು. ವಿಡಿಯೊದಲ್ಲಿ ಅವರ ಅಂಗಿಯ ಅಂಚು ಒಂದು ಬದಿಯಲ್ಲಿ ನಾಲ್ಕು ಬೆರಳಿನಷ್ಟು ಮೇಲೆದ್ದಿತ್ತು. 9 ಲೀಟರಿಗೆ ಇಳಿಸಿದ ದಿನವೇ, ಭಾರವಿಲ್ಲದ ಕಡೆಯ ಪಕ್ಕೆ ಬಿಗಿಯುವುದು ಅವರ ಅನುಭವಕ್ಕೆ ಬಂತು. ನೀವು ಹುಡುಕಬೇಕಾದದ್ದು ಆ ಬಿಗಿತವನ್ನೇ.

ಪ್ಲ್ಯಾಂಕ್‌ನಲ್ಲಿ ಮೂರು ನಿಮಿಷ ನಿಲ್ಲುವ ಪಂದ್ಯಗಳನ್ನು ಬಿಟ್ಟುಬಿಡಿ. ಬೋರಲಾಗಿ ಮೊಣಕೈ ಮತ್ತು ಕಾಲ್ಬೆರಳುಗಳ ಮೇಲೆ ಮೈಯನ್ನು ನೇರವಾಗಿ ಎತ್ತಿ ಹಿಡಿದು, ಪೃಷ್ಠವನ್ನೂ ತೊಡೆಯನ್ನೂ ಗಟ್ಟಿಯಾಗಿ ಬಿಗಿದು, ಮೊಣಕೈಗಳನ್ನು ಕಾಲಿನ ಕಡೆಗೆ ಎಳೆಯುವಂತೆ ಒತ್ತಿ 10 ಸೆಕೆಂಡು ಹಿಡಿಯಿರಿ, ಸ್ವಲ್ಪ ವಿರಮಿಸಿ ಮತ್ತೆ ಹಿಡಿಯಿರಿ. ಹೀಗೆ ಆರು ಬಾರಿ ಮಾಡಿದರೆ ಸಾಕು. ಸೊಂಟ ಜೋತುಬಿದ್ದ ಕ್ಷಣ ಆ ಸರದಿ ಮುಗಿಯಿತೆಂದೇ ತಿಳಿಯಿರಿ.

ತಿರುಚುವಿಕೆಯನ್ನು ತಡೆಯುವ ವ್ಯಾಯಾಮಕ್ಕೆ ಪ್ಯಾಲೊಫ್ ಪ್ರೆಸ್ ಎಂದು ಹೆಸರು. ರಬ್ಬರ್ ಬ್ಯಾಂಡನ್ನು ಎದೆಯ ಎತ್ತರದಲ್ಲಿ ಗಟ್ಟಿಯಾದ ಕಿಟಕಿಯ ಸರಳಿಗೆ ಕಟ್ಟಿ, ಕಿಟಕಿಗೆ ಪಕ್ಕವಾಗಿ ನಿಲ್ಲಿ. ಎರಡೂ ಕೈಗಳಿಂದ ಬ್ಯಾಂಡನ್ನು ಎದೆಗೆ ತಂದು ನೇರ ಮುಂದಕ್ಕೆ ಚಾಚಿ, ಎರಡು ಸೆಕೆಂಡು ನಿಲ್ಲಿಸಿ, ಮರಳಿ ತನ್ನಿ. ಕೈ ಚಾಚಿದಷ್ಟೂ ಬ್ಯಾಂಡ್ ನಿಮ್ಮನ್ನು ಕಿಟಕಿಯತ್ತ ತಿರುಗಿಸಲು ನೋಡುತ್ತದೆ; ಎದೆಯೂ ಸೊಂಟವೂ ಕದಲಬಾರದು. ಪ್ರತಿ ಬದಿಗೆ ಎಂಟರಂತೆ ಮೂರು ಸುತ್ತು ಮಾಡಿ. ಪ್ಲಾಸ್ಟಿಕ್ ಹಿಡಿಯ ತೆಳ್ಳನೆಯ ಟ್ಯೂಬುಗಳನ್ನು ಕೊಳ್ಳಬೇಡಿ, ಚಪ್ಪಟೆಯಾದ ಬಳೆಯಾಕಾರದ ಬ್ಯಾಂಡನ್ನೇ ತನ್ನಿ. ಬಿಸಿಲಿನಲ್ಲಿ ಬಿಟ್ಟರೆ ರಬ್ಬರ್ ಬಿರುಕು ಬಿಡುತ್ತದೆ, ಆದ್ದರಿಂದ ಪ್ರತಿ ಸಲ ಎಳೆದು ಪರೀಕ್ಷಿಸಿಯೇ ಬಳಸಿ. ಹೊಟ್ಟೆ ಕರಗಿಸುತ್ತದೆಂದು ಮಾರುವ ಬೆಲ್ಟಿನಿಂದ ಇಳಿಯುವುದು ಬೆವರು ಮಾತ್ರ. ಅದಕ್ಕೆ ಹಣ ಹಾಕಬೇಡಿ.

ವಾರದಲ್ಲಿ ಸೋಮವಾರ ಪ್ಲ್ಯಾಂಕ್ ಮತ್ತು ಬಕೆಟ್ ನಡಿಗೆ, ಗುರುವಾರ ಪ್ಯಾಲೊಫ್ ಪ್ರೆಸ್ ಮತ್ತು ಪ್ಲ್ಯಾಂಕ್, ಶನಿವಾರ ಪ್ಯಾಲೊಫ್ ಪ್ರೆಸ್ ಮತ್ತು ಬಕೆಟ್ ನಡಿಗೆ ಇರಲಿ. ಒಂದು ದಿನಕ್ಕೆ ಇಪ್ಪತ್ತು ನಿಮಿಷ ಸಾಕಾಗುತ್ತದೆ. ಕಾಲಿನ ವ್ಯಾಯಾಮವೂ ಅದೇ ದಿನವಿದ್ದರೆ ಅದನ್ನು ಮೊದಲು ಮುಗಿಸಿ, ಏಕೆಂದರೆ ದಣಿದ ನಡುವಿನೊಂದಿಗೆ ಸ್ಕ್ವಾಟ್ ಮಾಡುವುದು ಅಪಾಯಕರ. ಒಂದು ವಾರ ಪೂರ್ತಿ ಭುಜಗಳು ಸಮವಾಗಿದ್ದರೆ ಮಾತ್ರ ಮುಂದಿನ ವಾರ ಒಂದು ಲೀಟರ್ ಸೇರಿಸಿ. ನೋವು ಕಾಲಿಗೆ ಇಳಿದರೆ ಅಥವಾ ಕಾಲು ಜೋಮು ಹಿಡಿದರೆ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಿರಿ. ಹರ್ನಿಯಾ ಇರುವವರು, ಗರ್ಭಿಣಿಯರು ಮತ್ತು ರಕ್ತದೊತ್ತಡ ಹೆಚ್ಚಿರುವವರು ಮೊದಲೇ ವೈದ್ಯರನ್ನು ಕೇಳಿಕೊಂಡು ಆರಂಭಿಸಬೇಕು.

ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಬಕೆಟ್ ಹಿಡಿದು ನಡೆಯಬೇಡಿ. ಜಗಲಿಯ ಉದ್ದಕ್ಕೆ ಎಂಟೇ ಹೆಜ್ಜೆ ಸಿಕ್ಕರೂ ಚಿಂತೆಯಿಲ್ಲ, ಒಂದು ತುದಿಯಿಂದ ಇನ್ನೊಂದು ತುದಿಗೆ ಐದು ಸಲ ನಡೆದರೆ 40 ಹೆಜ್ಜೆಯ ಲೆಕ್ಕ ಸರಿಹೋಗುತ್ತದೆ. ತಿರುಗುವಾಗ ಮಾತ್ರ ಸೊಂಟವನ್ನು ತಿರುಚದೆ, ಸಣ್ಣ ಹೆಜ್ಜೆಗಳಲ್ಲಿ ಪೂರ್ತಿ ಮೈಯನ್ನೇ ತಿರುಗಿಸಿ.