ತುಂಬದ ಪಂಪು ನೀರು ಹಿಡಿಯೋದಿಲ್ಲ, ಯಾಕೆ?

ಬೀದರ್ ಕಡೆ ತೆರೆದ ಬಾವಿಗಳ ಮೋನೊಬ್ಲಾಕ್ ಪಂಪು ರಿಪೇರಿಗೆ ಹೋದಾಗ ಹೆಚ್ಚಾಗಿ ಕೇಳುವುದು ಒಂದೇ ಮಾತು: "ಮೋಟಾರ್ ತಿರಗಲಾಕತ್ತೈತ್ರಿ, ನೀರ್ ಮಾತ್ರ ಹಿಡಿವಲ್ದು." ಮೋಟಾರಿನಲ್ಲಿ ದೋಷ ಇರುವುದು ಕಡಿಮೆ. ಒಳಗೆ ನೀರಿನ ಬದಲು ಗಾಳಿ ಕೂತಿರುತ್ತದೆ, ಅಷ್ಟೇ.

ಇಂಥ ಸೆಂಟ್ರಿಫ್ಯೂಗಲ್ ಪಂಪಿನೊಳಗೆ ಇಂಪೆಲ್ಲರ್ ಎಂಬ ಎಲೆಗಳ ಚಕ್ರ ಗರಗರ ತಿರುಗಿ, ನಡುವಿನಲ್ಲಿದ್ದುದನ್ನು ಅಂಚಿಗೆ ಎಸೆಯುತ್ತದೆ. ನಡುವಿನ ಜಾಗ ಬರಿದಾಗಿ ಒತ್ತಡ ಇಳಿದಾಗ, ಬಾವಿಯ ನೀರಿನ ಮೇಲಿರುವ ಹೊರಗಿನ ಗಾಳಿ ತನ್ನ ಒತ್ತಡದಿಂದ ನೀರನ್ನು ಪೈಪಿನೊಳಗೆ ಏರಿಸುತ್ತದೆ. ಎಷ್ಟು ಒತ್ತಡ ಇಳಿಯುತ್ತದೆ ಎಂಬುದು ಎಸೆದ ವಸ್ತುವಿನ ತೂಕದ ಮೇಲೆ ನಿಂತಿದೆ. ನೀರನ್ನು 25 ಮೀಟರ್ ಎತ್ತರಕ್ಕೆ ಎಸೆಯುವ ಪಂಪು ಗಾಳಿಯನ್ನೂ 25 ಮೀಟರೇ ಎಸೆದೀತು, ಆದರೆ ಗಾಳಿ ನೀರಿಗಿಂತ ಸುಮಾರು 800 ಪಟ್ಟು ಹಗುರ. 25 ಮೀಟರ್ ಗಾಳಿಯ ತೂಕ ಸರಿಗಟ್ಟುವುದು ಬರೀ 3 ಸೆಂಟಿಮೀಟರ್ ನೀರಿಗೆ. ಬಾವಿಯಲ್ಲಿ ನೀರು 5 ಮೀಟರ್ ಕೆಳಗಿದ್ದರೆ, ಖಾಲಿ ಪಂಪು ಅದನ್ನು ಪೈಪಿನಲ್ಲಿ ಎರಡು ಬೆರಳು ಏರಿಸಿ ಅಲ್ಲೇ ನಿಲ್ಲಿಸುತ್ತದೆ. ದಿನವಿಡೀ ಓಡಿಸಿದರೂ ಅಷ್ಟೇ.

ಅದಕ್ಕೇ ಪಂಪಿನ ಹೊಟ್ಟೆಗೂ ಬಾವಿಗಿಳಿದ ಸಕ್ಷನ್ ಪೈಪಿಗೂ ಮೊದಲೇ ನೀರು ತುಂಬಬೇಕು. ಭಾಲ್ಕಿ ಕಡೆಯ ಒಂದು ಬಾವಿಯ ಲೆಕ್ಕ ಹೇಳುತ್ತೇನೆ: 5 ಎಚ್‌ಪಿ ಪಂಪು, 3 ಇಂಚಿನ ಸಕ್ಷನ್ ಪೈಪು 8 ಮೀಟರ್. ಈ ಪೈಪು ಮೀಟರಿಗೆ ಸುಮಾರು ನಾಲ್ಕೂವರೆ ಲೀಟರ್ ಹಿಡಿಯುತ್ತದೆ. ಪಂಪಿನ ಹೊಟ್ಟೆಯದೂ ಸೇರಿ 40 ಲೀಟರ್. ಎರಡು ಚರಗಿ ಸುರಿದು ಬಟನ್ ಒತ್ತಿದರೆ ಏನೂ ಆಗದಿರುವುದು ಇದಕ್ಕೇ.

ಡೆಲಿವರಿ ವಾಲ್ವ್ ಮುಚ್ಚಿ, ಪಂಪಿನ ನೆತ್ತಿಯ ಗಾಳಿ ಕಾಕ್ ಬಿಚ್ಚಿಡುತ್ತೇನೆ. ಆಮೇಲೆ ಫನಲ್‌ನಿಂದ ನಿಧಾನ ಸುರಿಯುತ್ತೇನೆ. ಒಮ್ಮೆಗೇ ಸುರಿದರೆ ಕೆಳಗಿನ ಗಾಳಿ ಮೇಲೆ ಬರಲಾರದೆ ಫನಲ್ ಉಕ್ಕುತ್ತದೆ. ತುಂಬಿತು ಎಂದು ಮೋಸ ಹೋಗುವುದು ಇಲ್ಲೇ. ನಡುನಡುವೆ ಶಾಫ್ಟನ್ನು ಕೈಯಿಂದ ನಾಲ್ಕು ಸುತ್ತು ತಿರುಗಿಸಿದರೆ ಇಂಪೆಲ್ಲರ್ ಎಲೆಗಳ ನಡುವಿನ ಗುಳ್ಳೆಗಳು ಹೊರಡುತ್ತವೆ. ಕರೆಂಟ್ ಆರಿಸಿದ ಮೇಲೆಯೇ ತಿರುಗಿಸಬೇಕು, ಸ್ಟಾರ್ಟರ್ ಹತ್ತಿರ ಒಬ್ಬರು ನಿಲ್ಲಬೇಕು. ಕಾಕ್‌ನಿಂದ ಗುಳ್ಳೆಯಿಲ್ಲದ ನೀರು ಬಂದಾಗ ಅದನ್ನು ಮುಚ್ಚಿ, ಫನಲ್ ಮಟ್ಟವನ್ನು ಐದು ನಿಮಿಷ ನೋಡುತ್ತೇನೆ. ಇಳಿಯದಿದ್ದರೆ ಶುರು ಮಾಡಿ, ಡೆಲಿವರಿ ವಾಲ್ವ್ ನಿಧಾನ ತೆರೆಯುತ್ತೇನೆ. ಮುಚ್ಚಿಟ್ಟೇ ಒಂದೆರಡು ನಿಮಿಷಕ್ಕಿಂತ ಓಡಿಸಿದರೆ ಒಳಗಿನ ನೀರು ಕಾಯುತ್ತದೆ. ಆಂಪ್‌ಮೀಟರ್ ಇದ್ದರೆ ಅದೇ ಸಾಕ್ಷಿ: 5 ಎಚ್‌ಪಿ ತ್ರೀಫೇಸ್ ಮೋಟಾರು ಪೂರ್ಣ ಹೊರೆಗೆ ಏಳು ಆಂಪಿಯರ್ ಆಸುಪಾಸಿನಲ್ಲಿ ನಿಲ್ಲುತ್ತದೆ, ಗಾಳಿ ಹಿಡಿದಿದ್ದರೆ ಅದರ ಅರ್ಧಕ್ಕೇ ತೂಗಾಡುತ್ತದೆ.

ಫನಲ್ ಮಟ್ಟ ಇಳಿದರೆ, ಸಕ್ಷನ್ ಪೈಪಿನ ಕೆಳತುದಿಯಲ್ಲಿ ನೀರು ಬಾವಿಗೆ ಮರಳದಂತೆ ತಡೆಯುವ ಫುಟ್‌ವಾಲ್ವ್ ಸೋರುತ್ತಿದೆ. ಅದರ ಕೆಳಗೆ ಕಡ್ಡಿ ಸಿಕ್ಕಿರಬಹುದು, ಇಲ್ಲವೇ ವಾಷರ್ ಸವೆದಿರಬಹುದು. ಸಗಣಿ ಕದಡಿ ಸುರಿದು ಸೋರಿಕೆ ನಿಲ್ಲಿಸುವ ರೂಢಿ ಇದೆ. ಒಂದು ಹೊತ್ತಿಗೆ ನಡೆಯುತ್ತದೆ, ಆದರೆ ಅದರೊಳಗಿನ ಮರಳು, ಶಾಫ್ಟು ಪಂಪಿನಿಂದ ಹೊರಬರುವ ಗ್ಲ್ಯಾಂಡ್ ಹತ್ತಿರ ಅದನ್ನು ಸವೆಸುತ್ತದೆ. ನಾನು ಮಾಡುವುದಿಲ್ಲ.

ಕಷ್ಟದ್ದು ಇನ್ನೊಂದು: ಮಟ್ಟ ನಿಂತಿರುತ್ತದೆ, ಪಂಪು ನೀರನ್ನೂ ಹಿಡಿಯುತ್ತದೆ, ಹತ್ತು ನಿಮಿಷಕ್ಕೆ ಬಿಟ್ಟುಬಿಡುತ್ತದೆ. ಆಗ ಸಕ್ಷನ್ ಬದಿಯಲ್ಲಿ ಎಲ್ಲೋ ಗಾಳಿ ಒಳಬರುತ್ತಿದೆ ಎಂದು ಅರ್ಥ. ಓಡುವಾಗ ಆ ಪೈಪಿನ ಒತ್ತಡ ಹೊರಗಿನದಕ್ಕಿಂತ ಕಡಿಮೆ, ಆದ್ದರಿಂದ ನೀರು ಹೊರಗೆ ತೊಟ್ಟಿಕ್ಕುವುದಿಲ್ಲ, ಕಣ್ಣಿಗೆ ಏನೂ ಕಾಣುವುದಿಲ್ಲ. ಪಂಪು ಓಡುತ್ತಿರುವಾಗ ಫ್ಲ್ಯಾಂಜ್ ಜೋಡುಗಳಿಗೆ ಸಾಬೂನಿನ ನೊರೆ ಹಚ್ಚಿ ನೋಡಿ. ಸೀಳು ಇರುವಲ್ಲಿ ನೊರೆ ಒಳಗೆ ಎಳೆದುಕೊಂಡು ಮಾಯವಾಗುತ್ತದೆ. ಗ್ಲ್ಯಾಂಡ್ ಡೋರಿ ಇರುವ ಪಂಪಾದರೆ ಅಲ್ಲಿಂದ ಹನಿ ಹನಿ ನೀರು ಬೀಳಬೇಕು. ಪೂರ್ತಿ ಒಣಗಿದ್ದರೆ ಅಲ್ಲಿಂದಲೂ ಗಾಳಿ ಒಳಹೋಗಬಹುದು. ಒಳಬಂದ ಗಾಳಿಯನ್ನು ಪಂಪು ತಾನೇ ಹೊರಹಾಕಲಾರದು: ಭಾರವಾದ ನೀರು ಅಂಚಿಗೆ ಸರಿಯುತ್ತದೆ, ಹಗುರ ಗಾಳಿ ಇಂಪೆಲ್ಲರ್ ನಡುವಿಗೇ ಬಂದು ಕೂಡುತ್ತದೆ. ನೀರು ಒಳಬರುವ ದಾರಿಯೂ ಅದೇ. ಪೈಪು ಬಾವಿಯಿಂದ ಪಂಪಿನ ಕಡೆಗೆ ಏರುತ್ತಲೇ ಇರಬೇಕು, ನಡುವೆ ಡುಬ್ಬ ಇದ್ದರೆ ಗಾಳಿ ಅಲ್ಲೂ ಮನೆ ಮಾಡುತ್ತದೆ.

ಏಪ್ರಿಲ್‌ನಲ್ಲಿ ನೀರು 7 ಮೀಟರ್ ದಾಟಿ ಇಳಿದಾಗ ಎಷ್ಟು ತುಂಬಿದರೂ ಪಂಪು ಬಿಟ್ಟುಬಿಡುತ್ತದೆ. ಬೀದರ್ 600 ಮೀಟರಿಗಿಂತ ಎತ್ತರದಲ್ಲಿದೆ. ಇಲ್ಲಿಯ ಗಾಳಿ ತಾತ್ವಿಕವಾಗಿ ಒಂಬತ್ತೂವರೆ ಮೀಟರಿನಷ್ಟು ನೀರನ್ನಷ್ಟೇ ಎತ್ತಬಲ್ಲದು. ಅದರಲ್ಲಿ ಪೈಪಿನ ತಿಕ್ಕಾಟ, ಬೇಸಿಗೆಯ ಬೆಚ್ಚನೆ ನೀರಿನ ಆವಿಯ ಒತ್ತಡ, ಪಂಪಿಗೆ ಒಳಗೆ ಬೇಕಾದ ಒತ್ತಡ ಎಲ್ಲ ಕಳೆಯಬೇಕು. ಆಗ ಮತ್ತೆ ಮತ್ತೆ ನೀರು ಸುರಿಯುವ ಬದಲು, ಬಾವಿಯೊಳಗೆ ಕೆಳಗೊಂದು ಕಟ್ಟೆ ಮಾಡಿ ಪಂಪನ್ನೇ ಎರಡು ಮೀಟರ್ ಇಳಿಸಬೇಕಾಗುತ್ತದೆ. ಮಳೆಗಾಲ ಬರುವ ಮುಂಚೆ ಅದನ್ನು ಮತ್ತೆ ಮೇಲಕ್ಕೆತ್ತಬೇಕು, ಇಲ್ಲದಿದ್ದರೆ ಮೋಟಾರು ಮುಳುಗುತ್ತದೆ.