ಕಾಲು ಊದುತ್ತದೆ, ಶೂ ಊದುವುದಿಲ್ಲ

ಮೊನ್ನೆ ಮೊಮ್ಮಗಳು ಅಮೆರಿಕಕ್ಕೆ ಹೊರಟಳು. ಕಾಲಲ್ಲಿ ಹೊಚ್ಚ ಹೊಸ ಬಿಗಿ ಶೂ. "ಅಜ್ಜಿ, ಸೀಟಲ್ಲಿ ಕೂತ ತಕ್ಷಣ ಬಿಚ್ಚಿಡ್ತೀನಿ ಬಿಡಿ" ಅಂದಳು. ಬಿಚ್ಚೋದು ಯಾರಿಗೆ ಬರಲ್ಲ? ಇಳಿಯುವಾಗ ಹಾಕಿಕೊಳ್ಳಬೇಕಲ್ಲ! ಗಂಟೆಗಟ್ಟಲೆ ಕಾಲು ಇಳಿಬಿಟ್ಟು ಕೂತರೆ ಮೀನಖಂಡಕ್ಕೆ ಕೆಲಸವಿಲ್ಲ, ನೀರೆಲ್ಲ ಪಾದಕ್ಕೆ ಇಳಿಯುತ್ತದೆ. ಮಗಳ ಬಾಣಂತನಕ್ಕೆ ಹೋದಾಗ ನಾನೂ ಹಾಗೇ ಬಿಚ್ಚಿಟ್ಟು, ಫ್ರಾಂಕ್‌ಫರ್ಟಿನಲ್ಲಿ ವಿಮಾನ ಬದಲಿಸುವಾಗ ಶೂವಿನ ಹಿಂಭಾಗ ತುಳಿದುಕೊಂಡು ಪರಪರ ಎಳೆದುಕೊಂಡೇ ಓಡಿದ್ದೆ.

ಕೈ ಹಚ್ಚದೆ ಕಾಲು ತೂರಿಸುವ ಶೂ ಒಳ್ಳೆಯದು. ಮೇಲ್ಭಾಗ ಮೆತ್ತನೆ ಬಟ್ಟೆಯದಿರಲಿ, ಹಿಮ್ಮಡಿ ಮಾತ್ರ ಹಿಡಿದಿರಬೇಕು. ಸಂಜೆ ಹೊತ್ತು, ಕಾಲು ಸ್ವಲ್ಪ ದಪ್ಪಗಾದ ಮೇಲೆ, ಹಾಕಿಕೊಳ್ಳುವ ಸಾಕ್ಸ್ ಸಮೇತ ಹೋಗಿ ಕೊಳ್ಳಿ. ಲೇಸಿನದೇ ಬೇಕು ಅಂತೀರಾ? ಮೇಲಿನ ಗಂಟು ಬಿಚ್ಚಿದರೆ ಸಾಲದು. ಬೆರಳ ಕಡೆಯ ಮೊದಲ ತೂತಿನಿಂದ ಒಂದೊಂದೇ ಸಾಲು ಎಳೆದು ಸಡಿಲ ಮಾಡುತ್ತಾ ಬನ್ನಿ, ಲೇಸಿನ ಕೆಳಗೆ ಬೆರಳು ಸಲೀಸಾಗಿ ತೂರಬೇಕು. ಇದನ್ನು ವಿಮಾನ ಹೊರಟ ಕೂಡಲೇ ಮಾಡಿ, ಊದಿದ ಮೇಲಲ್ಲ.

ಈಗ ಕಾಲು ಊದದಂತೆ ಬಿಗಿಯಾಗಿ ಹಿಡಿಯುವ ಒತ್ತುವ ಸಾಕ್ಸ್, ಅಂಗಡಿಯವರು ಕಂಪ್ರೆಷನ್ ಸಾಕ್ಸ್ ಅನ್ನುವುದು. ಮೊಣಕಾಲಿನ ಕೆಳಗಿನವರೆಗೆ ಬರುವಂಥದ್ದು, ಪೊಟ್ಟಣದ ಮೇಲೆ ಒತ್ತಡ 15–20 mmHg ಅಂತ ಇದ್ದರೆ ಸಾಮಾನ್ಯವಾಗಿ ಸಾಕು. ಅಳತೆಗೆ ಶೂ ನಂಬರ್ ಮಾತ್ರ ನಂಬಬೇಡಿ, ಬೆಳಿಗ್ಗೆ ಎದ್ದಾಗ ಕಣಕಾಲಿಗೂ ಮೀನಖಂಡಕ್ಕೂ ಟೇಪು ಸುತ್ತಿ ನೋಡಿ. ಹಾಕುವ ರೀತಿಯಲ್ಲೇ ಎಲ್ಲರೂ ಎಡವುವುದು. ಮಾಮೂಲಿ ಸಾಕ್ಸಿನಂತೆ ಸುರುಳಿ ಸುತ್ತಿ ಎಳೆದರೆ ಅದು ಅರ್ಧಕ್ಕೇ ನಿಂತು ಹಠ ಮಾಡುತ್ತದೆ. ನಾನು ಮಾಡುವುದು ಹೀಗೆ. ಹೊರಡುವ ದಿನ ಕಾಲು ಊದುವ ಮೊದಲೇ, ಪಾದ ಒಣಗಿಸಿ, ಎಣ್ಣೆ ಕ್ರೀಮು ಏನೂ ಸವರದೆ ಕೂರುತ್ತೇನೆ. ಸಾಕ್ಸಿನೊಳಗೆ ಕೈ ಹಾಕಿ ಹಿಮ್ಮಡಿ ಜಾಗ ಚಿವುಟಿ ಹಿಡಿದು, ಅಲ್ಲಿಯವರೆಗೆ ಒಳಮಗ್ಗುಲು ಹೊರಗೆ ಬರುವಂತೆ ಮಗುಚುತ್ತೇನೆ. ಆಗ ಪಾದದ್ದೊಂದು ಪುಟ್ಟ ಚೀಲ ಸಿಗುತ್ತದೆ. ಅದರಲ್ಲಿ ಬೆರಳು ತೂರಿಸಿ, ಹಿಮ್ಮಡಿ ಅದರ ಜಾಗದಲ್ಲೇ ಕೂತ ಮೇಲೆ ಉಳಿದದ್ದನ್ನು ಮೇಲಕ್ಕೆ ಬಿಡಿಸುವುದು. ಅಂಚು ಹಿಡಿದು ಜಗ್ಗಬಾರದು. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡು ಅಂಗೈಯಿಂದ ಮೇಲಕ್ಕೆ ಸವರಿದರೆ ಬಟ್ಟೆ ತಾನೇ ಏರುತ್ತದೆ. (ಗ್ಲೌಸ್ ಹೊಸದಿರಲಿ. ನಮ್ಮನೆ ಹುಡುಗರು ಜಿಡ್ಡು ತೊಳೆದ ಗ್ಲೌಸನ್ನು ಒದ್ದೆಯಾಗಿಯೇ ಸಿಂಕಿನೊಳಗೆ ಬಿಟ್ಟು ಹೋಗುತ್ತಾರೆ, ಮುಗ್ಗಲು ವಾಸನೆ ಹೊಡೆಯುತ್ತದೆ.) ಸುಕ್ಕು ಕಂಡರೆ ಬಿಡಿಸಿ. ಉದ್ದ ಜಾಸ್ತಿಯಾಯಿತು ಅಂತ ಮೇಲಂಚು ಮಡಚಲೇಬೇಡಿ, ಅದು ದಾರ ಕಟ್ಟಿದ ಹಾಗೆ ರಕ್ತ ಹಿಡಿದುಬಿಡುತ್ತದೆ. ಬೆರಳು ಜೋಮು ಹಿಡಿದರೆ, ತಣ್ಣಗಾದರೆ ತಕ್ಷಣ ತೆಗೆಯಿರಿ.

ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು, ಕಾಲಿನ ರಕ್ತನಾಳದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಈ ಸಾಕ್ಸ್ ಹಾಕಬೇಡಿ. ಇಳಿದ ಮೇಲೆ ಎರಡೂ ಕಾಲು ಸಮವಾಗಿ ಊದಿದ್ದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಒಂದೇ ಕಾಲು ಊದಿ, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ಮನೆಮದ್ದು ಹುಡುಕುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಉಸಿರೂ ಕಟ್ಟುತ್ತಿದ್ದರೆ ಆಂಬುಲೆನ್ಸ್ ಕರೆಯಿರಿ.